ಮಗಳಿಗೊಂದು ಪತ್ರ: ಹೇಳಿಯೇ ಹೊರಡು

ಪ್ರೀತಿಯ ಮಗಳೇ,

ಪುಟ್ಟಿಯನ್ನು ಜೂನ್‌ನಿಂದ ನರ್ಸರಿಗೆ ಸೇರಿಸುವುದು ನಿಶ್ಚಯವಾಯಿತೆಂದು ತಿಳಿದು ಸಂತೋಷವಾಯಿತು. ಅವಳು ಆಟದಲ್ಲಿ ಮೈಮರೆತಿರುವಾಗ ಹೇಳದೆ ಹೊರಟುಬಂದರೆ ಅಳುವೇ ಇರುವುದಿಲ್ಲವೆಂದು ನೆರೆಮನೆಯವರು ಹೇಳಿದರೆಂದೂ, ಹಾಗೆ ಮಾಡಬಹುದೇ ಎಂದೂ ಕೇಳಿದ್ದೀಯೆ. ದಯವಿಟ್ಟು ಹಾಗೆ ಮಾಡಬೇಡ.

ನಾನು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಾಗ 3 ವರ್ಷದ ಹುಡುಗನೊಬ್ಬನ ತಾಯಿ ಹಾಗೆಯೇ ಮಾಡುತ್ತಿದ್ದರು. ಮಗನನ್ನು ಮರದ ಇಟ್ಟಿಗೆಗಳ ಮುಂದೆ ಕೂರಿಸಿ, ಅವನು ತಲೆ ತಗ್ಗಿಸಿದೊಡನೆ ಹಿಂಬಾಗಿಲಿನಿಂದ ಹೋಗಿಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಆ ಮಗು ಇಟ್ಟಿಗೆಗಳನ್ನು ಮುಟ್ಟುವುದನ್ನೇ ಬಿಟ್ಟಿತು. ತಾಯಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲನ್ನೇ ನೋಡುತ್ತಿತ್ತು. ಮನೆಯಲ್ಲಿ ಅವರು ಸ್ನಾನಕ್ಕೆ ಹೋದರೂ ಬಚ್ಚಲಿನ ಕದ ಬಡಿದು ಅಳತೊಡಗಿತ್ತು. ತಾನು ಆಟದಲ್ಲಿ ಮುಳುಗಿದರೆ ಅಮ್ಮ ಮಾಯವಾಗುತ್ತಾಳೆ ಎಂಬುದನ್ನು ಅದು ಕಲಿತಿತ್ತು. ಹೇಳದೆ ಹೋದಾಗ ತಪ್ಪುವುದು ಅಳುವನ್ನು ನೋಡುವ ನಮ್ಮ ಸಂಕಟ ಮಾತ್ರ. ಮಗುವಿಗಾದರೋ ಅಮ್ಮ ಎಲ್ಲಿ ಹೋಗಿಬಿಡುತ್ತಾಳೋ ಎಂದು ಕಾವಲು ಕಾಯುವ ಕೆಲಸ ಹೆಚ್ಚಾಗುತ್ತದೆ.

ಆ ತಾಯಿಗೆ ನಾವು ಹೇಳಿಕೊಟ್ಟ ಕ್ರಮ ತೀರ ಸರಳವಾದದ್ದು, ಆದರೆ ಪ್ರತಿದಿನವೂ ಒಂದೇ ರೀತಿ ನಡೆಯಬೇಕಾದದ್ದು. ಮಗುವೇ ತನ್ನ ಚೀಲವನ್ನು ಗೂಟಕ್ಕೆ ನೇತುಹಾಕುತ್ತದೆ. ತಾಯಿ ಮಂಡಿಯೂರಿ ಕುಳಿತು ಅಪ್ಪಿಕೊಂಡು, "ಡಬ್ಬಿ ತಿಂದು, ಹಾಡು ಹೇಳಿ, ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಅಮ್ಮ ಬರುತ್ತಾಳೆ" ಎನ್ನುತ್ತಾರೆ. ಬಳಿಕ ಮಗುವಿನ ಕೈಯನ್ನು ಶಿಕ್ಷಕಿಯ ಕೈಗೆ ಕೊಟ್ಟು, ಟಾಟಾ ಮಾಡಿ, ತಿರುಗಿ ಬಾರದೆ ಹೊರಡುತ್ತಾರೆ. ಎಲ್ಲವೂ ಎರಡು ಮೂರು ನಿಮಿಷಗಳಲ್ಲಿ ಮುಗಿಯಬೇಕು. ಆ ವಯಸ್ಸಿಗೆ ಗಡಿಯಾರದ ಹನ್ನೆರಡೂವರೆ ಏನೂ ಅರ್ಥವಾಗುವುದಿಲ್ಲ. ಡಬ್ಬಿ, ಹಾಡು, ಚಪ್ಪಲಿ ಎಂಬ ಸರದಿ ಅರ್ಥವಾಗುತ್ತದೆ. ಮಾತು ಕೊಟ್ಟ ಹೊತ್ತಿಗೆ ಗೇಟಿನಲ್ಲಿ ನಿಂತಿರುವುದು ಈ ಕ್ರಮದ ಮುಕ್ಕಾಲು ಪಾಲು; ಅದು ತಪ್ಪಿದರೆ ಬೆಳಗಿನ ಮಾತಿಗೆ ಬೆಲೆಯಿಲ್ಲ.

ಅಳು ಆಗಲೂ ಇತ್ತು, ಆದರೆ ಅದರ ಬಗೆ ಬದಲಾಯಿತು. ಮೊದಲೆರಡು ವಾರ ಅವನು ಬಾಗಿಲಲ್ಲಿ ಗಟ್ಟಿಯಾಗಿ ಅತ್ತು, ಶಿಕ್ಷಕಿಯ ಮಡಿಲಲ್ಲಿ ಬಿಕ್ಕಿ, ಆಮೇಲೆ ಇಟ್ಟಿಗೆಗಳ ಕಡೆಗೆ ಹೋಗತೊಡಗಿದನು. ಆದ್ದರಿಂದ ನೀನು ಶಿಕ್ಷಕಿಯನ್ನು "ಅತ್ತಳೇ?" ಎಂದು ಕೇಳಬೇಡ. ನೀವು ಎತ್ತಿಕೊಂಡಾಗ ಸಮಾಧಾನಗೊಂಡಳೇ, ಎಷ್ಟು ಹೊತ್ತಿಗೆ, ಆಮೇಲೆ ತಿಂದಳೇ, ಆಡಿದಳೇ ಎಂದು ಕೇಳು. ಬರ್ಲಿನ್ ಮಾದರಿಯೆಂದು ಹೆಸರಾದ ಜರ್ಮನಿಯ ಪದ್ಧತಿಯಲ್ಲಿಯೂ ಇದೇ ಅಳತೆಗೋಲು. ಮೊದಲ 3 ದಿನ ತಾಯಿ ಅಥವಾ ತಂದೆ ಮಗುವಿನೊಂದಿಗೆ ಬಂದು, ಕೋಣೆಯ ಅಂಚಿನಲ್ಲಿ ಸುಮ್ಮನೆ ಕುಳಿತು, ಮಗುವಿನೊಂದಿಗೇ ಹಿಂತಿರುಗುತ್ತಾರೆ. ನಾಲ್ಕನೆಯ ದಿನ ಹೇಳಿಯೇ ಹೊರಗೆ ಹೋಗುತ್ತಾರೆ, ಅದೂ ಅರ್ಧ ಗಂಟೆಗೆ ಮೀರದಂತೆ. ಮಗುವನ್ನು ಶಿಕ್ಷಕಿ ಕೆಲವು ನಿಮಿಷಗಳಲ್ಲಿ ಸಮಾಧಾನಪಡಿಸಬಲ್ಲರಾದರೆ ಅವಧಿಯನ್ನು ಹೆಚ್ಚಿಸುತ್ತಾರೆ. ಆಗದಿದ್ದರೆ ಪೋಷಕರನ್ನು ಒಳಗೆ ಕರೆದು, ಇನ್ನಷ್ಟು ದಿನ ಕಾಯುತ್ತಾರೆ.

ನಮ್ಮಲ್ಲಿ ಅನೇಕ ಶಾಲೆಗಳು ಪೋಷಕರನ್ನು ಗೇಟಿನೊಳಗೆ ಬಿಡುವುದಿಲ್ಲ. ನಿಮ್ಮ ಶಾಲೆಯೂ ಹಾಗಿದ್ದರೆ, ತರಗತಿಗಳು ಆರಂಭವಾಗುವ ಮುಂಚೆ ಒಂದೆರಡು ಸಲ ಪುಟ್ಟಿಯನ್ನು ಕರೆದೊಯ್ದು ಕೋಣೆ, ಶೌಚಾಲಯ, ಅವಳ ಶಿಕ್ಷಕಿಯ ಮುಖ ಇಷ್ಟನ್ನಾದರೂ ತೋರಿಸಲು ಅನುಮತಿ ಕೇಳು. ಮೊದಲ ವಾರ ಒಂದು ಗಂಟೆ ಕಳೆದೊಡನೆ ಮನೆಗೆ ಕರೆತರಲು ಒಪ್ಪುವರೇ ಎಂದೂ ವಿಚಾರಿಸು. ಕೇಳಿದರೆ ಒಪ್ಪುವ ಶಿಕ್ಷಕಿಯರು ಬಹಳ ಮಂದಿ ಇದ್ದಾರೆ. ನಿನ್ನ ಹಳೆಯ ದುಪಟ್ಟಾದ ಒಂದು ತುಂಡನ್ನು ಅವಳ ಚೀಲದಲ್ಲಿಡು, ಒಗೆಯದೆ; ನಿನ್ನ ವಾಸನೆ ಅದರಲ್ಲಿರಲಿ. ನಿನ್ನನ್ನು ಬಿಡುವುದು ಅವಳಿಗೆ ತುಂಬ ಕಷ್ಟವಾದರೆ ಕೆಲವು ದಿನ ಅಳಿಯಂದಿರೇ ಕರೆದೊಯ್ಯಲಿ, ಆದರೆ ಮಾತೂ ಕ್ರಮವೂ ಅದೇ ಇರಲಿ. "ಅತ್ತರೆ ಬಿಟ್ಟು ಹೋಗುತ್ತೇನೆ", "ಅಳದಿದ್ದರೆ ಚಾಕೊಲೇಟ್" ಎಂಬ ಎರಡೂ ಮಾತು ಬೇಡ. "ಅಮ್ಮನನ್ನು ಬಿಡುವುದು ಬೇಜಾರು, ಅಲ್ಲವೇ?" ಎಂದರೆ ಸಾಕು.

ಚೆನ್ನಾಗಿ ಹೊಂದಿಕೊಂಡ ಮಗುವೂ ಜ್ವರ ಬಂದು ಮನೆಯಲ್ಲಿ ಉಳಿದ ಮೇಲೆ, ದಸರಾ ರಜೆ ಕಳೆದ ಮೇಲೆ ಮತ್ತೆ ಅಳುವುದುಂಟು. ಆಗ ಹಳೆಯ ಕ್ರಮವನ್ನೇ ಮತ್ತೆ ಹಿಡಿ, ಹೊಸದೇನನ್ನೂ ಹುಡುಕಬೇಡ. ದಿನವಿಡೀ ಯಾರಿಂದಲೂ ಸಮಾಧಾನವಾಗದಿದ್ದರೆ, ನಿದ್ದೆ ಕೆಟ್ಟರೆ, ಶಾಲೆಯ ದಿನಗಳಂದು ಮಾತ್ರ ಹೊಟ್ಟೆನೋವು, ವಾಂತಿ ಕಾಣಿಸಿಕೊಂಡು 4 ವಾರಗಳಾದರೂ ಇಳಿಯದಿದ್ದರೆ ಮಕ್ಕಳ ವೈದ್ಯರ ಬಳಿ ಕರೆದೊಯ್ಯಿ. ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂಬುದನ್ನು ಮಾತ್ರ ಅಷ್ಟು ದಿನ ಕಾಯದೆ ವಿಚಾರಿಸು.

ಶಿಕ್ಷಕಿಯನ್ನು ಕಂಡು ಬಂದ ಮೇಲೆ ಅವರು ಏನೆಂದರೆಂದು ನನಗೆ ತಿಳಿಸು.

ಇಂತಿ,
ನಿನ್ನ ಅಮ್ಮ