ಅತ್ತಿಗೆಗೆ ಗೊತ್ತಾಗದ ಹಾಗೆ ಅತ್ತಿಗೆಯ ರಜೆ

ಪ್ರೀತಿಯ ಗೆಳೆಯಾ,

ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಅತ್ತಿಗೆಗೆ ಹೇಳದೆ ಪ್ರವಾಸದ ಏರ್ಪಾಡು ಮಾಡಬೇಕು ಅಂದೆಯಲ್ಲ, ಊರು ಯಾವುದು, ಹೋಟೆಲ್ ಯಾವುದು ಅನ್ನುವುದೆಲ್ಲ ಆಮೇಲೆ. ಮೊದಲು ಅವರ ರಜೆ. ಇಂಥ ಗುಟ್ಟು ಒಡೆಯುವುದು ಹೆಚ್ಚಾಗಿ ಅಲ್ಲೇ. ನಿನ್ನ ರಜೆ ನಿನ್ನ ಕೈಯಲ್ಲಿದೆ, ಅವರದು ಅವರ ಆಫೀಸಿನ ಕೈಯಲ್ಲಿ.

ದಿನಾಂಕ ಗೊತ್ತುಮಾಡುವಾಗಲೇ ಒಂದು ಉಪಾಯ ಇದೆ. ವಾರ್ಷಿಕೋತ್ಸವ 18ನೇ ತಾರೀಕು, ಗುರುವಾರ ಅಂದುಕೋ. ಆ ವಾರವೇ ಹೊರಡುವ ಹಾಗಿದ್ದರೆ ನಿನ್ನ ಒಂದೊಂದು ಫೋನ್ ಕರೆಗೂ ಅವರ ಕಿವಿ ನೆಟ್ಟಗಾಗುತ್ತದೆ. ಹಿಂದಿನ ವಾರ ಹೋಗು: 11ರ ಗುರುವಾರ ರಾತ್ರಿ ಹೊರಟು 15ರ ಸೋಮವಾರ ರಾತ್ರಿ ವಾಪಸ್ಸು. ಬೇಕಾದದ್ದು ಶುಕ್ರವಾರ, ಸೋಮವಾರ ಎರಡೇ ರಜೆ. 18ರ ರಾತ್ರಿ ಹೊರಗೆ ಊಟಕ್ಕೆ ಹೋಗೋಣ ಅಂತ ನಿಜವಾಗಿಯೇ ಹೇಳಿ ಟೇಬಲ್ ಕೂಡ ಕಾದಿರಿಸು. ಗಮನವೆಲ್ಲ ಆ ರಾತ್ರಿಯ ಮೇಲೆ ನಿಲ್ಲುತ್ತದೆ, ನೀನು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಐದು ವಾರ ಮೊದಲೇ ಅವರ ಮ್ಯಾನೇಜರ್ ಜೊತೆ ಮಾತಾಡು. ಮೆಸೇಜ್ ಬೇಡ, ಫೋನ್ ಮಾಡು. ಆ ಎರಡು ದಿನಗಳಲ್ಲಿ ಮುಂದಕ್ಕೆ ಹಾಕಲಾಗದ ಕೆಲಸ ಏನಾದರೂ ಇದೆಯಾ ಅಂತ ಮೊದಲು ಕೇಳು. ಇದೆ ಅಂದರೆ ದಿನಾಂಕ ಬದಲಿಸು, ಒತ್ತಾಯ ಮಾಡಬೇಡ. ಇಲ್ಲ ಅಂದರೆ, ಸದ್ಯಕ್ಕೆ ರಜೆಯನ್ನು ಸಿಸ್ಟಮ್‌ನಲ್ಲಿ ಹಾಕಬೇಡಿ ಅಂತ ಬಿಡಿಸಿ ಹೇಳು. ಎಷ್ಟೋ ಕಡೆ ಯಾರು ರಜೆ ಹಾಕಿದರೂ ‘ನಿಮ್ಮ ರಜೆ ಮಂಜೂರಾಗಿದೆ’ ಅಂತ ಮೇಲ್ ನೇರವಾಗಿ ನೌಕರರಿಗೇ ಹೋಗುತ್ತದೆ. ಅದರ ಬದಲು ಅವರ ಕ್ಯಾಲೆಂಡರ್‌ನಲ್ಲಿ ಆ ಎರಡು ದಿನವೂ ಇಡೀ ದಿನದ ಒಂದು ಮೀಟಿಂಗ್ ಹಾಕಿಸು, ಬೇರೆ ಯಾರೂ ಆ ಹೊತ್ತನ್ನು ಹಿಡಿಯದ ಹಾಗೆ. ಮೀಟಿಂಗ್‌ಗೆ ತಯಾರಿ ಬೇಕಾಗದಂಥ ಹೆಸರಿರಲಿ. ‘ವಾರ್ಷಿಕ ವರದಿ ಮಂಡನೆ’ ಅಂತ ಇಟ್ಟರೆ ಪಾಪ, ಅವರು ವಾರವೆಲ್ಲ ನಿದ್ದೆಗೆಟ್ಟು ತಯಾರಿ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತು: ಅತ್ತಿಗೆ ತಾವೇ 18ಕ್ಕೆ ರಜೆ ಕೇಳಬಹುದು, ಉಳಿದಿರುವ ರಜೆ ಮೂರಕ್ಕೂ ಸಾಲುತ್ತದಾ ಅಂತ ಮ್ಯಾನೇಜರ್ ನೋಡಿಕೊಂಡಿರಲಿ.

ಟಿಕೆಟ್, ರೂಮು ಎರಡಕ್ಕೂ ನಿನ್ನ ನಂಬರು, ನಿನ್ನ ಮೇಲ್ ಮಾತ್ರ ಕೊಡು. ಜಂಟಿ ಖಾತೆಯಿಂದ ದುಡ್ಡು ಕಟ್ಟಬೇಡ, ಬ್ಯಾಂಕಿನ ಎಸ್‌ಎಂಎಸ್ ಅವರ ಫೋನಿಗೂ ಬರಬಹುದು. ಜಿಮೇಲ್‌ಗೆ ಬಂದ ಬುಕಿಂಗ್ ತಾನಾಗಿಯೇ ಕ್ಯಾಲೆಂಡರ್‌ಗೆ ಸೇರಬಹುದು. ನಿಮ್ಮಿಬ್ಬರದು ಹಂಚಿಕೊಂಡ ಕ್ಯಾಲೆಂಡರ್ ಆಗಿದ್ದರೆ ಬುಕ್ ಮಾಡುವ ಮೊದಲೇ ಹಾಗೆ ತಾನಾಗಿ ಸೇರುವುದನ್ನು ಆಫ್ ಮಾಡು. ಟಿಕೆಟ್‌ನಲ್ಲಿ ಅವರ ಹೆಸರು ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಇರಬೇಕು, ಮದುವೆಯ ಮುಂಚಿನ ಹೆಸರೋ ಆಮೇಲಿನದೋ ಅಂತ ಚೀಟಿ ನೋಡಿಯೇ ಬರೆ.

ಇನ್ನು ಬಟ್ಟೆ. ಇಡೀ ಬ್ಯಾಗನ್ನು ಗುಟ್ಟಾಗಿ ತುಂಬಲು ಹೋಗಬೇಡ. ಬೀರುವಿನಲ್ಲಿ ಮಡಿಸಿಟ್ಟ ಅಟ್ಟಿಯಲ್ಲಿ ಮೇಲಿನ ನಾಲ್ಕೈದು ಬಟ್ಟೆ ದಿನವೂ ಕೈಗೆ ಸಿಗುವಂಥವು, ಒಂದು ಕಾಣದಿದ್ದರೂ ಹುಡುಕಾಟ ಶುರು. ಕೆಳಗಿನಿಂದ ತೆಗಿ, ಅದೂ ಹತ್ತು ದಿನಗಳಲ್ಲಿ ಒಂದೊಂದಾಗಿ. ತೆಗೆದ ಮೇಲೆ ಅಟ್ಟಿ ತಗ್ಗಿ ಕಾಣುತ್ತದೆ, ಅಪರೂಪಕ್ಕೆ ಉಡುವ ಬಟ್ಟೆಯನ್ನು ಬೇರೆ ಕಡೆಯಿಂದ ತಂದು ಅಡಿಯಲ್ಲಿಟ್ಟು ಎತ್ತರ ಸರಿಮಾಡು. ಬ್ಯಾಗು ಮನೆಯಲ್ಲಿ ಬೇಡ, ಗೆಳೆಯರ ಮನೆಯಲ್ಲಿರಲಿ. ಚಪ್ಪಲಿ, ಕನ್ನಡಕ, ಚಾರ್ಜರ್, ದಿನದ ಮಾತ್ರೆ ಇವನ್ನು ಮೊದಲೇ ಮುಟ್ಟಲೇಬಾರದು. ಇವುಗಳ ಪಟ್ಟಿ ಮಾತ್ರ ಬರೆದಿಟ್ಟುಕೋ. ಮಾತ್ರೆ ಪ್ರವಾಸ ಮುಗಿದ ಮೇಲೂ ಎರಡು ದಿನಕ್ಕೆ ಮಿಗುವಷ್ಟು ಮನೆಯಲ್ಲಿದೆಯಾ ಅಂತ ಎಣಿಸಿ ನೋಡು.

ಗುಟ್ಟು ಬಿಡುವ ಹೊತ್ತಿನ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಹೊರಡುವ ಗಳಿಗೆಯಲ್ಲಿ ಹೇಳಬೇಡ, 10ರ ಬುಧವಾರ ಸಂಜೆ ಹೇಳಿಬಿಡು. ಗುರುವಾರ ಪೂರ್ತಿ ಒಂದು ಕೆಲಸದ ದಿನ ಅವರಿಗೆ ಸಿಗುತ್ತದೆ. ರಜೆಯನ್ನು ತಾವೇ ಹಾಕುತ್ತಾರೆ, ಬಾಕಿ ಕೆಲಸ ಒಪ್ಪಿಸುತ್ತಾರೆ, ರಜೆ ಹಾಕದೆ ಹೋದದ್ದಕ್ಕೆ ಸಂಬಳ ಕಡಿತವಾಗುವ ಭಯವೂ ಇಲ್ಲ. ನೀನು ತುಂಬಿದ ಬ್ಯಾಗನ್ನು ಅವರೇ ಬಿಚ್ಚಿ ಬೇಡದ್ದನ್ನು ತೆಗೆದು ಬೇಕಾದ್ದನ್ನು ಹಾಕಿಕೊಳ್ಳಲಿ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಊರಿನ ಹೆಸರು ಹೇಳದಿದ್ದರೂ ಅಲ್ಲಿ ಚಳಿಯೋ ಸೆಕೆಯೋ, ನಡೆಯುವುದು ಎಷ್ಟು ಅನ್ನುವುದನ್ನು ಮಾತ್ರ ಹೇಳು.

ಅವತ್ತೇ ಮ್ಯಾನೇಜರ್‌ಗೂ ಒಂದು ಫೋನ್ ಮಾಡು, ಕ್ಯಾಲೆಂಡರ್‌ನಲ್ಲಿರುವ ಆ ಮೀಟಿಂಗನ್ನು ತೆಗೆಯಲಿ.

ಇತಿ,
ನಿನ್ನ ಗೆಳೆಯ