ಅಡಿಕೆ ಕೊನೆಗೆ ಔಷಧ ತಲುಪುತ್ತದೆಯೇ? ಡ್ರೋನ್ ಸೇವೆಯವರಿಗೆ ಶಿರಸಿ ಬೆಳೆಗಾರರ ಬಹಿರಂಗ ಪತ್ರ

ಗೆ,
ಡ್ರೋನ್ ಸಿಂಪಡಣೆ ಸೇವೆಯ ಮುಖ್ಯಸ್ಥರಿಗೆ

ಪ್ರತಿ: ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ಮತ್ತು ನಮ್ಮ ಕ್ಷೇತ್ರದ ಶಾಸಕರಿಗೆ

ಮಾನ್ಯರೇ,

ನಮಸ್ಕಾರ. ನಾವು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಘದವರು. ಈ ಮಳೆಗಾಲಕ್ಕೆ ಮೊದಲು ನಮ್ಮ ಸದಸ್ಯರ ತೋಟಗಳಿಗೆ ಡ್ರೋನ್‌ನಲ್ಲಿ ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು ಕೊಡುವುದಾಗಿ ನೀವು ಹೇಳಿದ್ದೀರಿ. ನಮಗೂ ಅದು ಬೇಕು. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ದಿನದ ಪ್ರಯೋಗ ಆಗಬೇಕು, ಸುರಕ್ಷತೆಯ ಷರತ್ತುಗಳು ಬರವಣಿಗೆಯಲ್ಲಿ ಇರಬೇಕು. ಇದು ಊರಿನ ನೀರು, ಗಾಳಿಗೂ ಸಂಬಂಧಪಟ್ಟ ವಿಷಯ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇವೆ.

ಡ್ರೋನ್ ಯಾಕೆ ಬೇಕು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆ ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರು ಸಿಗುತ್ತಿಲ್ಲ. ಸಿಕ್ಕವರೂ ವಯಸ್ಸಾದವರು, ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ಬರಲಿ ಎಂದು ಕೇಳುವ ಮನಸ್ಸೂ ನಮಗಿಲ್ಲ. ಒದ್ದೆ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಾ ಔಷಧ ಹೊಡೆಯುವುದು ಜೀವ ಪಣಕ್ಕಿಡುವ ಕೆಲಸ. ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಎಲ್ಲರ ತೋಟಕ್ಕೂ ಒಮ್ಮೆಲೇ ಜನ ಬೇಕು. ತಡವಾದವರ ತೋಟದಲ್ಲಿ ಕೊಳೆ ಕಾಣಿಸಿಕೊಳ್ಳುತ್ತದೆ.

ಈಗ ನಮ್ಮ ಮುಖ್ಯ ಅನುಮಾನಕ್ಕೆ ಬರುತ್ತೇವೆ. ನಿಮ್ಮ ಡ್ರೋನ್‌ನ ಟ್ಯಾಂಕು 10 ಲೀಟರಿನದು. ಒಂದು ಟ್ಯಾಂಕಿನಲ್ಲಿ ಒಂದು ಎಕರೆ ಮುಗಿಯುತ್ತದೆ ಎಂದು ನಿಮ್ಮವರು ಹೇಳಿದರು. ಭತ್ತದ ಗದ್ದೆಗೆ ಆ ಲೆಕ್ಕ ಸರಿ ಇರಬಹುದು. ಅಡಿಕೆಗೆ ಹಾಕಿ ನೋಡೋಣ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಕೊನೆಗೌಡರು ಹೊಡೆಯುವಾಗ ಮರಕ್ಕೆ ಅರ್ಧ ಲೀಟರ್ ಎಂದು ಕಡಿಮೆ ಹಿಡಿದರೂ ಎಕರೆಗೆ 275 ಲೀಟರ್ ದ್ರಾವಣ ಆಗುತ್ತದೆ. ಶೇ. 1ರ ಬೋರ್ಡೋ ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾಗಿ ಆ ಎಕರೆಗೆ ಎರಡೂಮುಕ್ಕಾಲು ಕಿಲೋ ಮೈಲುತುತ್ತ ಬೀಳುತ್ತದೆ. ನಿಮ್ಮ 10 ಲೀಟರಿನಲ್ಲಿ ಇರುವುದು 100 ಗ್ರಾಂ. ಮರಕ್ಕೆ ಸಿಗುವುದು 18 ಮಿಲಿ ಲೀಟರ್, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಮರದ ತಲೆಯ ಎಲೆಗಳಾದ ಹೆಡೆಗಳ ಮೇಲೆಯೇ ನಿಲ್ಲಬಹುದು.

ಹಾಗಾದರೆ ದ್ರಾವಣವನ್ನು ಗಟ್ಟಿ ಮಾಡಿ ಹೊಡೆದರೆ ಆಗದೇ ಎಂದು ಕೇಳಬಹುದು. ಶೇ. 10ರ ಬೋರ್ಡೋ ಎಂದರೆ ಕಾಂಡಕ್ಕೆ ಬಳಿಯುವ ಮುಲಾಮು. ಅದು ನಳಿಕೆಯಲ್ಲಿ ಹೊರಗೆ ಬರುವುದಿಲ್ಲ. ಶೇ. 1ರ ದ್ರಾವಣವೇ ನಿಂತಲ್ಲಿ ತಳ ಕಟ್ಟುತ್ತದೆ. ಸುಣ್ಣದ ಕಸ ನಿಮ್ಮ ಸಣ್ಣ ಜಾಲರಿಯಲ್ಲಿ ಸಿಕ್ಕಿದರೆ ಒಂದು ನಳಿಕೆ ಕಟ್ಟುತ್ತದೆ, ಆ ಸಾಲು ಪೂರ್ತಿ ಬಿಟ್ಟುಹೋಗುತ್ತದೆ. ಕೆಳಗೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಬೋರ್ಡೋ ರೋಗ ಬಂದ ಮೇಲೆ ಗುಣ ಮಾಡುವ ಔಷಧ ಅಲ್ಲ. ಕಾಯಿಯ ಮೇಲೆ ಮೊದಲೇ ಪದರ ಕಟ್ಟಿ ಕೂತಿರಬೇಕು. ಕೊಳೆಯ ಶಿಲೀಂಧ್ರ ಮಳೆ ಹನಿಯ ಜೊತೆ ಸಿಡಿದು ಕಾಯಿಗೆ ಬಂದಾಗ ಆ ಪದರ ಅದನ್ನು ತಡೆಯುತ್ತದೆ. ಪದರ ಇಲ್ಲದ ಕಡೆ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಕಾಣುತ್ತದೆ, ಆಮೇಲೆ ಕಾಯಿ ಉದುರುತ್ತದೆ. ಕಾಯಿಯ ಗೊಂಚಲುಗಳಾದ ಕೊನೆಗಳು ಇರುವುದು ಹೆಡೆಗಳ ಕೆಳಗೆ, ಡ್ರೋನ್ ಹಾರುವುದು ಹೆಡೆಗಳ ಮೇಲೆ. ಎಲೆಚುಕ್ಕೆ ರೋಗಕ್ಕೆ ನಿಮ್ಮ ಡ್ರೋನ್ ಇನ್ನೂ ಚೆನ್ನಾಗಿ ಒದಗಬಹುದು ಎಂದು ನಮಗೆ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ಔಷಧ ಬೀಳಬೇಕಾದ್ದು ಎಲೆಗೇ. ಆದರೆ ಅದೂ ಶುರುವಾಗುವುದು ಕೆಳಗಿನ ಹೆಡೆಗಳಿಂದ. ಹಾಗಾಗಿ ಹನಿ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು.

ಅದಕ್ಕೆ ನಮ್ಮ ಯೋಜನೆ ಹೀಗಿದೆ. ಮೇ ಮಧ್ಯದಲ್ಲಿ, ಮಳೆ ಹಿಡಿಯುವ ಮೊದಲು, ಒಬ್ಬ ಸದಸ್ಯರ ಒಂದು ಎಕರೆ ತೋಟವನ್ನು ನಿಮಗೆ ಕೊಡುತ್ತೇವೆ. ಮೊದಲ ಹಾರಾಟ ಬರೀ ನೀರಿನಲ್ಲಿ, ನೀಲಿ ಬಣ್ಣ ಬೆರೆಸಿ. ಕೊನೆಗೌಡರೊಬ್ಬರು ಹಿಂದಿನ ದಿನವೇ ಹತ್ತು ಮರ ಹತ್ತಿ ಹೊಳಪಿನ ಬಿಳಿ ಕಾಗದದ ತುಂಡು ಕಟ್ಟಿರುತ್ತಾರೆ. ಪ್ರತಿ ಮರದಲ್ಲೂ ನಾಲ್ಕು ಕಡೆ: ಮೇಲಿನ ಹೆಡೆ, ಕೆಳಗಿನ ಹೆಡೆ, ಕೊನೆಯ ಮೇಲ್ಭಾಗ, ಕೊನೆಯ ತಳಭಾಗ. ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ನಿಮ್ಮಲ್ಲಿ ಇದ್ದರೆ ತನ್ನಿ. ಆದರೆ ನಮ್ಮ ಕಡೆಯ ತೇವದ ಗಾಳಿಗೇ ಅದು ನೀಲಿ ತಿರುಗಿಬಿಡುತ್ತದೆ, ಒದ್ದೆ ಕೈ ಮುಟ್ಟಿದರೂ ಅಷ್ಟೇ. ಅದೊಂದನ್ನೇ ನಂಬುವಂತಿಲ್ಲ. ಪಕ್ಕದ ಸಾಲಿನ ಹತ್ತು ಮರಕ್ಕೆ ಅದೇ ನೀರನ್ನು ಕೊನೆಗೌಡರು ಕೈಯಿಂದ ಹೊಡೆಯುತ್ತಾರೆ. ಎರಡೂ ಕಡೆಯ ಕಾಗದಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ನೀವೂ ನಾವೂ ಒಟ್ಟಿಗೆ ನೋಡೋಣ. ತೋಟಗಾರಿಕೆ ಇಲಾಖೆಯವರು ಆ ದಿನ ಬಂದು ಫಲಿತಾಂಶಕ್ಕೆ ಸಹಿ ಹಾಕಬೇಕು ಎಂಬುದು ನಮ್ಮ ಕೋರಿಕೆ.

ಒಂದು ಟ್ಯಾಂಕಿಗೆ ಕೊನೆಯ ಮೇಲೆ ಹನಿ ಕಾಣದಿದ್ದರೆ ಅದೇ ಜಾಗಕ್ಕೆ ಎರಡು, ಮೂರು, ಐದು ಟ್ಯಾಂಕು ಹೊಡೆದು ನೋಡಿ. ವೇಗ ಕಡಿಮೆ ಮಾಡಿ, ಎತ್ತರ ಬದಲಿಸಿ, ದೊಡ್ಡ ಹನಿಯ ನಳಿಕೆ ಹಾಕಿ. ರೆಕ್ಕೆಗಳ ಗಾಳಿಗೆ ಹೆಡೆ ಪಕ್ಕಕ್ಕೆ ಸರಿದು ಹನಿ ಒಳಗೆ ಇಳಿಯುತ್ತದೆ ಎಂದು ನಿಮ್ಮವರು ಹೇಳಿದ್ದು ನಿಜವಾದರೆ ಕಾಗದದಲ್ಲಿ ಅದು ಕಂಡೇ ಕಾಣುತ್ತದೆ. ಆಮೇಲೆ ಮಾತ್ರ ಬೋರ್ಡೋ. ಹೊಡೆದ ಮರಗಳಿಗೆ ಗುರುತು ಹಾಕಿ, ಜುಲೈ ಮತ್ತು ಆಗಸ್ಟ್‌ನಲ್ಲಿ ಬುಡದಲ್ಲಿ ಉದುರಿದ ಕೊಳೆ ಕಾಯಿಯನ್ನು ನಾವೇ ಎಣಿಸಿ ನಿಮಗೆ ಕಳಿಸುತ್ತೇವೆ. ಮೊದಲ ಸಿಂಪಡಣೆಯಾಗಿ 40–45 ದಿನಕ್ಕೆ ಮಾಡುವ ಎರಡನೇ ಸಿಂಪಡಣೆಯನ್ನು ಈ ವರ್ಷ ಕೈಯಿಂದಲೇ ಮಾಡಿಸುತ್ತೇವೆ. ಒಬ್ಬ ಸದಸ್ಯರ ವರ್ಷದ ಬೆಳೆಯನ್ನು ಪ್ರಯೋಗಕ್ಕೆ ಬಿಟ್ಟುಕೊಡಲು ಆಗುವುದಿಲ್ಲ.

ಹಣದ ವಿಷಯವೂ ಇದಕ್ಕೇ ತಗಲಿಕೊಂಡಿದೆ. ಎಕರೆ ಲೆಕ್ಕದಲ್ಲಿ ಬಾಡಿಗೆ ಹಿಡಿದರೆ ತೆಳ್ಳಗೆ ಹೊಡೆದು ಬೇಗ ಮುಗಿಸಿದವರಿಗೇ ಲಾಭ. ಟ್ಯಾಂಕಿನ ಲೆಕ್ಕದಲ್ಲಿ ದರ ಹೇಳಿ. ಐದು ಟ್ಯಾಂಕು ಬೇಕಾದರೆ ಐದಕ್ಕೆ ಕೊಡುತ್ತೇವೆ.

ಇನ್ನು ಸುರಕ್ಷತೆ. ಇದನ್ನು ನಾವು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣವಿದೆ. ನಮ್ಮದೇ ಜಿಲ್ಲೆಯಲ್ಲಿ, ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಹೊಡೆದ ಕಾಲದ ಸಂಕಟವನ್ನು ಅನುಭವಿಸುತ್ತಿರುವ ಮನೆಗಳು ಇಂದಿಗೂ ಇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಬೋರ್ಡೋ ಅಂಥ ವಿಷವಲ್ಲ, ನಿಜ. ಆದರೆ ಇವತ್ತು ಬೋರ್ಡೋ ಹೊಡೆದ ಡ್ರೋನ್ ನಾಳೆ ಬೇರೆ ಔಷಧವನ್ನೂ ಹೊಡೆಯುತ್ತದೆ. ಸ್ವಲ್ಪ ನೀರಿನಲ್ಲಿ ಹೊಡೆಯುವಾಗ ಆ ಔಷಧ ಗಟ್ಟಿಯಾಗಿಯೇ ಇರುತ್ತದೆ, ಹನಿಯೂ ಸಣ್ಣದು, ಗಾಳಿಗೆ ಸುಲಭವಾಗಿ ಹಾರುತ್ತದೆ. ಹಾಗಾಗಿ ಸಂಘ ಬರೆದು ಒಪ್ಪದ ಯಾವ ಔಷಧವೂ ಟ್ಯಾಂಕಿಗೆ ಇಳಿಯಬಾರದು. ಬೇರೆ ಊರಿನಲ್ಲಿ ಏನೋ ಹೊಡೆದ ಟ್ಯಾಂಕನ್ನು ನಮ್ಮ ಮುಂದೆಯೇ ತೊಳೆಯಬೇಕು. ತೊಳೆದ ನೀರು ಹಳ್ಳಕ್ಕೆ ಹೋಗಬಾರದು. ಬೋರ್ಡೋವನ್ನು ನಮ್ಮವರೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಯಾರಿಸುತ್ತಾರೆ: ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಸುರಿದು, ಹೊಳಪಿನ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಅಂಥದ್ದನ್ನು ಹೊಡೆದರೆ ಸಿಂಗಾರ, ಎಳೆ ಕಾಯಿ ಸುಡುತ್ತವೆ. ಎರಡು ಪದರ ಬಟ್ಟೆಯಲ್ಲಿ ಸೋಸಿ, ಅದೇ ದಿನ ಬಳಸಲು ನಿಮ್ಮ ಕೈಗೆ ಕೊಡುತ್ತೇವೆ.

ನಮ್ಮ ತೋಟಗಳು ಇರುವುದು ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ. ಮನೆ ತೋಟದ ತಲೆಗೇ ಇರುತ್ತದೆ. ಎಷ್ಟೋ ಮನೆಗಳಿಗೆ ಕುಡಿಯುವ ನೀರು ಮೇಲಿನ ಒರತೆಯಿಂದ ಪೈಪಿನಲ್ಲಿ ಇಳಿದು ತೆರೆದ ತೊಟ್ಟಿಗೆ ಬೀಳುತ್ತದೆ. ಹಾರಾಟದ ಮೊದಲು ಬಾವಿ, ತೊಟ್ಟಿ ಎಲ್ಲ ಮುಚ್ಚಿದ್ದನ್ನು ನಿಮ್ಮ ಚಾಲಕರು ಖುದ್ದಾಗಿ ನೋಡಬೇಕು. ಅವುಗಳ ಸುತ್ತಲಿನ ಸಾಲುಗಳನ್ನು ಕೈಯಿಂದಲೇ ಹೊಡೆಸುತ್ತೇವೆ, ಎಷ್ಟು ದೂರದವರೆಗೆ ಎಂಬುದನ್ನು ಪ್ರಯೋಗದ ದಿನವೇ ತೀರ್ಮಾನಿಸೋಣ. ತೋಟದ ಅಂಚಿನಿಂದ 5, 10, 20, 30 ಮೀಟರಿಗೆ ನೆಲದ ಮೇಲೆ ಅದೇ ಬಿಳಿ ಕಾಗದ ಹಾಕಿರುತ್ತೇವೆ. ಎಲ್ಲಿ ಅತಿ ದೂರದ ನೀಲಿ ಚುಕ್ಕೆ ಸಿಗುತ್ತದೋ ಅದರ ಎರಡರಷ್ಟು ದೂರವನ್ನು ಗಡಿ ಎಂದು ಬರೆಯೋಣ. ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ಬಿದ್ದರೆ ತೊಂದರೆಯಿಲ್ಲ, ಅದಕ್ಕೂ ನಾವು ಹೊಡೆಯುತ್ತೇವೆ. ವೀಳ್ಯದೆಲೆ ಹಾಗಲ್ಲ. ಅದನ್ನು ಕೊಯ್ದು ಹಾಗೇ ಬಾಯಿಗೆ ಹಾಕುತ್ತೇವೆ. ಎಲೆಬಳ್ಳಿ ಇರುವ ತೋಟದಲ್ಲಿ ಡ್ರೋನ್ ಬೇಡ.

1971ರ ಕೀಟನಾಶಕ ನಿಯಮಗಳ ಪ್ರಕಾರ ಆಕಾಶದಿಂದ ಹೊಡೆಯುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಜನರಿಗೆ ತಿಳಿಸಬೇಕು. ಗ್ರಾಮ ಪಂಚಾಯಿತಿಗೆ ನೀವು ಪತ್ರ ಕೊಡಿ, ಮನೆ ಮನೆಗೆ ನಾವು ಹೇಳುತ್ತೇವೆ. ತುಡುವೆ ಜೇನು ಸಾಕಿದವರಿಗೆ ಹಿಂದಿನ ಸಂಜೆಯೇ ತಿಳಿಯಬೇಕು, ಬೆಳಿಗ್ಗೆ ಹುಳು ಹೊರಡುವ ಮೊದಲು ಅವರು ಪೆಟ್ಟಿಗೆಯ ಬಾಗಿಲು ಮುಚ್ಚಬೇಕಲ್ವಾ? ಬಿಸಿಲೇರಿದ ಮೇಲೆ ಮುಚ್ಚಿಡಲು ಆಗುವುದಿಲ್ಲ. ಆದ್ದರಿಂದ ಹಾರಾಟ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕು. ಗಾಳಿ ಗಂಟೆಗೆ 10 ಕಿ.ಮೀ. ದಾಟಿದರೆ ನಿಲ್ಲಿಸುವ ಹಕ್ಕು ಸಂಘದ ಪ್ರತಿನಿಧಿಗೂ ಇರಬೇಕು.

ಇನ್ನೊಂದು ಅಪಾಯ ಬಯಲುಸೀಮೆಯಲ್ಲಿ ಹಾರಿಸಿದವರಿಗೆ ತಟ್ಟನೆ ಹೊಳೆಯದು. ಸಿಗ್ನಲ್ ತಪ್ಪಿದರೆ ಡ್ರೋನ್ ತಾನೇ ಮೇಲೇರಿ ಹೊರಟ ಜಾಗಕ್ಕೆ ವಾಪಸ್ ಬರುತ್ತದೆ. ಆ ಎತ್ತರವನ್ನು ಅದು ಅಳೆಯುವುದು ಹೊರಟ ನೆಲದಿಂದ. ಕಣಿವೆಯ ತಳದಲ್ಲಿ ನಿಂತು 30 ಮೀಟರ್ ಎಂದು ಇಟ್ಟರೆ ಬೆಟ್ಟದ ಮೇಲಿನ ಮರಕ್ಕೆ ನೇರ ಬಡಿಯುತ್ತದೆ. ತೋಟದೊಳಗೆ ನಿಂತ ಚಾಲಕರಿಗೆ ಹೆಡೆಗಳ ಮೇಲಿನ ಡ್ರೋನ್ ಕಾಣುವುದೂ ಇಲ್ಲ. ಬೆಟ್ಟದ ಅಂಚಿನಲ್ಲಿ ಬಯಲಾದ ಜಾಗ ತೋರಿಸುತ್ತೇವೆ, ಅಲ್ಲಿಂದಲೇ ಹಾರಿಸಿ. ಕರೆಂಟ್ ತಂತಿ ಎಲ್ಲೆಲ್ಲಿ ತೋಟ ದಾಟುತ್ತದೆ ಎಂಬುದನ್ನು ಹಿಂದಿನ ದಿನವೇ ಒಟ್ಟಿಗೆ ನಡೆದು ಗುರುತು ಮಾಡೋಣ. ಡ್ರೋನ್ ಮರದ ತಲೆಯಲ್ಲಿ ಸಿಕ್ಕಿಕೊಂಡರೆ ಇಳಿಸುವ ಖರ್ಚು, ಇಳಿಸುವವರ ವಿಮೆ ಎರಡೂ ನಿಮ್ಮದು. ಅದನ್ನು ಇಳಿಸಲು ಸುಮ್ನೆ ಯಾರನ್ನೋ ಮರ ಹತ್ತಿಸಬಾರದು.

ಡ್ರೋನ್‌ನ ನೋಂದಣಿ ಸಂಖ್ಯೆ, ಚಾಲಕರ ಪ್ರಮಾಣಪತ್ರ, ಮೂರನೆಯವರಿಗೆ ಆದ ಹಾನಿಗೆ ವಿಮೆ, ಇವು 2021ರ ಡ್ರೋನ್ ನಿಯಮಗಳಲ್ಲೇ ಇವೆ. ಪ್ರತಿಗಳನ್ನು ಮೊದಲೇ ಕಳಿಸಿ. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರವಿದೆ, ಕಾರವಾರದಲ್ಲಿ ನೌಕಾನೆಲೆ ಇದೆ. ಶಿರಸಿ ದೂರ ಎಂದುಕೊಳ್ಳದೆ, ಪ್ರಯೋಗದ ತೋಟ ಅನುಮತಿ ಇಲ್ಲದೆ ಡ್ರೋನ್ ಹಾರಿಸಬಹುದಾದ ಹಸಿರು ವಲಯದಲ್ಲಿದೆ ಎಂದು ತೋರಿಸುವ ನಕ್ಷೆಯನ್ನೂ ಜೊತೆಗಿಡಿ.

ಪ್ರಯೋಗದ ದಿನದ ಬಾಡಿಗೆಯನ್ನು ಸಂಘ ಕೊಡುತ್ತದೆ, ಅದು ಪುಕ್ಕಟೆ ಆಗಬೇಕು ಎಂದು ನಾವು ಕೇಳುತ್ತಿಲ್ಲ. ಏಪ್ರಿಲ್ ಕೊನೆಯ ಒಳಗೆ ಎರಡು ದಿನಾಂಕ ತಿಳಿಸಿ. ಮೊದಲನೆಯ ದಿನ ಗಾಳಿ, ಮಳೆ ಬಂದರೆ ಎರಡನೆಯದು ಇರಲಿ. ಈ ಷರತ್ತುಗಳಲ್ಲಿ ಯಾವುದು ನಿಮ್ಮಿಂದ ಆಗುವುದಿಲ್ಲವೋ ಅದನ್ನು ಕಾರಣದ ಜೊತೆ ಬರೆಯಿರಿ. ನಿಮ್ಮ ಉತ್ತರವನ್ನು ಸಂಘದ ಸಭೆಯಲ್ಲಿ ಎಲ್ಲ ಸದಸ್ಯರ ಮುಂದೆ ಓದುತ್ತೇವೆ.

ಇತಿ,
ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು
ಅಡಿಕೆ ಬೆಳೆಗಾರರ ಸಹಕಾರಿ ಸಂಘ, ಶಿರಸಿ ತಾಲೂಕು