ವಾರಂಟಿ ಇನ್ನು ನಿಮ್ಮ ಬಿಲ್ ತಾರೀಖಿನಿಂದ: ಸ್ಟೆಬಿಲೈಜರ್ ಗ್ರಾಹಕರಿಗೆ ಒಂದು ಪತ್ರ

ಬಳ್ಳಾರಿ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ನಮ್ಮ ಸ್ಟೆಬಿಲೈಜರ್ ಮನೆಯಲ್ಲಿ ಇಟ್ಟುಕೊಂಡವರಿಗೆ ನಾವು ಯಾರು ಅಂತ ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇವೆ. ಈ ತಿಂಗಳ ಒಂದರಿಂದ ವಾರಂಟಿಯನ್ನು ನೀವು ಡೀಲರ್ ಅಂಗಡಿಯಲ್ಲಿ ಕೊಂಡ ದಿನದಿಂದ ಲೆಕ್ಕ ಹಾಕುತ್ತೇವೆ. "ಅಲ್ರೀ, ಮೊದಲೂ ಹಾಗೇ ಇತ್ತಲ್ವಾ?" ಅಂತ ಕೇಳುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಕಂಪ್ಯೂಟರ್ ಬೇರೆ ಲೆಕ್ಕ ಹಾಕುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ ಕೆಲವರಿಗೆ "ನಿಮ್ಮ ವಾರಂಟಿ ಮುಗಿದಿದೆ" ಅಂತ ಸುಳ್ಳು ಹೇಳಿಬಿಟ್ಟಿದ್ದೆವು. ಬೇಕಂತ ಹೇಳಿದ್ದಲ್ಲ, ಆದರೂ ಸುಳ್ಳೇ. ಕ್ಷಮಿಸಿ.

ಸಿರುಗುಪ್ಪ ಕಡೆಯ ಒಬ್ಬ ಟೀಚರಮ್ಮನ ವಿಷಯ ಹೇಳಿದರೆ ಎಲ್ಲ ಅರ್ಥವಾಗುತ್ತದೆ. ಅವರು ಎಸಿಗೆ ಅಂತ ನಮ್ಮ 4 ಕೆವಿಎ ಸ್ಟೆಬಿಲೈಜರ್ ಕೊಂಡರು. ಡೀಲರ್ ಕೊಟ್ಟ ಬಿಲ್ 20 ಮಾರ್ಚ್ 2024ರದು. ಜುಲೈ ಮೊದಲ ವಾರ ಅದು ಕೆಟ್ಟಿತು. ಫೋನ್ ಮಾಡಿದರು, ನಂಬರ್ ಹೇಳಿದರು. ಕೌಂಟರಿನಲ್ಲಿದ್ದ ನಮ್ಮ ಹುಡುಗ ನಂಬರ್ ಒತ್ತಿ ನೋಡಿ, ವಾರಂಟಿ ಜೂನ್ ತಿಂಗಳಲ್ಲೇ ಮುಗಿದಿದೆ ಅಂದ. ಅವರಿಗೆ ಎಷ್ಟು ಸಿಟ್ಟು ಬಂತು ಅಂದರೆ, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿ, ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ನಾವು ಶಟರ್ ಎತ್ತುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು. "ಮಾರ್ಚಿಂದ ಜೂನಿಗೆ ಒಂದು ವರ್ಷ ಆಗ್ತದೇನ್ರೀ? ನಾನು ಲೆಕ್ಕದ ಟೀಚರ್ರು" ಅಂದರು. ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ.

ಆಗಿದ್ದು ಇಷ್ಟು. ಆ ಪೀಸನ್ನು ನಾವು ಡೀಲರಿಗೆ ಬಿಲ್ ಮಾಡಿದ್ದು 12 ಜೂನ್ 2023ಕ್ಕೆ. ಬೇಸಿಗೆ ಮುಗಿದ ಮೇಲೆ ಎಸಿ ಸ್ಟೆಬಿಲೈಜರ್ ಯಾರು ಕೇಳುತ್ತಾರೆ? ಒಂಬತ್ತು ತಿಂಗಳು ಅವರ ಗೋಡೌನಿನಲ್ಲಿ ಕೂತಿತು. ಮುಂದಿನ ಬೇಸಿಗೆಗೆ ಹೋಯಿತು. ನಾವು ಲೆಕ್ಕಕ್ಕೆ ಬಳಸುವುದು ERPNext ಅನ್ನುವ ಸಾಫ್ಟ್‌ವೇರ್. ಅದರಲ್ಲಿ ಪ್ರತಿ ಪೀಸಿಗೂ Serial No ಅಂತ ಒಂದು ಪುಟ ಇರುತ್ತದೆ. ಮಾಡೆಲ್ಲಿನ ಪುಟದಲ್ಲಿ ವಾರಂಟಿ 365 ದಿನ ಅಂತ ಮೊದಲೇ ಬರೆದಿಟ್ಟಿದ್ದೆವು. ಆ ನಂಬರಿನ ಪೀಸು ಡೆಲಿವರಿ ಚಲನ್ ಮೇಲೆ ನಮ್ಮ ಗೋಡೌನ್ ಬಿಟ್ಟ ದಿನಕ್ಕೆ ಕಂಪ್ಯೂಟರ್ 365 ಕೂಡಿಸಿ, Warranty Expiry Date ಅನ್ನುವ ಜಾಗದಲ್ಲಿ ತಾರೀಖು ಬರೆದುಕೊಳ್ಳುತ್ತದೆ. ಚಲನ್ ಇರೋದು ಡೀಲರ್ ಹೆಸರಿಗೆ. ಹಾಗಾಗಿ ಅದರ ಪ್ರಕಾರ ಗ್ರಾಹಕ ಅಂದರೆ ಡೀಲರ್. ಟೀಚರಮ್ಮ ಅನ್ನುವವರು ಅದಕ್ಕೆ ಗೊತ್ತೇ ಇಲ್ಲ. ಸಾಫ್ಟ್‌ವೇರ್ ನಾವು ಹೇಳಿದ್ದನ್ನೇ ಮಾಡಿತು. ನೇರವಾಗಿ ಗ್ರಾಹಕರಿಗೆ ಮಾರುವ ಅಂಗಡಿಗೆ ಅದು ಸರಿ. ನಮ್ಮಂತೆ ಡೀಲರ್ ಮೂಲಕ ಮಾರುವವರು ಮೊದಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅವರ ಪೀಸನ್ನು ಅಂದೇ ಬಿಚ್ಚಿದೆವು. ರಿಲೇ ಒಂದರ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡಿತ್ತು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ರಿಲೇ ಪದೇಪದೇ ಬಡಿದುಕೊಂಡರೆ ಹೀಗಾಗುತ್ತದೆ. ಅದು ವಾರಂಟಿಯೊಳಗಿನ ರಿಪೇರಿಯೇ. ಬದಲಾಯಿಸಿ, ಎರಡು ಗಂಟೆ ಲೋಡ್ ಕೊಟ್ಟು ನೋಡಿ ಕಳಿಸಿದೆವು. ನಮ್ಮ ಟ್ರಾನ್ಸ್‌ಫಾರ್ಮರಿಗೆ ಏನೂ ಆಗಿರಲಿಲ್ಲ, ಆಗುವುದೂ ಇಲ್ಲ. ವೈಂಡಿಂಗ್ ನಮ್ಮ ಶೆಡ್ಡಿನಲ್ಲೇ ಆಗುತ್ತದೆ. ಅದರ ಬಗ್ಗೆ ಯಾರೂ ಒಂದು ಮಾತು ಆಡುವ ಹಾಗಿಲ್ಲ.

ಈಗ ಎಲ್ಲ ಕಡೆಯಿಂದ ನಾವು ಕೇಳುತ್ತಿರುವ ಒಂದೇ ಮಾತಿಗೆ ಬರೋಣ. ಸಿಂಧನೂರು, ಗಂಗಾವತಿ, ಮಾನ್ವಿ, ಎಲ್ಲ ಕಡೆ ಇದೇ ಮಾತು: "ಮೊದಲು ಕಾರ್ಡ್ ಇತ್ತು, ಡೀಲರ್ ಸೀಲ್ ಹಾಕಿದ್ರೆ ಮುಗೀತು. ಈಗ ನಂಬರ್ ಅಂತೀರಿ, ಫೋಟೋ ಅಂತೀರಿ. ನಮ್ಮ ಮೇಲೆ ನಂಬಿಕೆ ಇಲ್ವಾ?"

ನಿಮ್ಮ ಮೇಲೆ ಇದೆ. ಕಾರ್ಡಿನ ಮೇಲೆ ಇಲ್ಲ. ಆ ಕಾರ್ಡ್ ನಿಮಗೆ ನೆನಪಿರಬೇಕು, ಡಬ್ಬದ ಒಳಗೆ ಮೇಲೇ ಇಡುತ್ತಿದ್ದೆವು. ಹತ್ತರಲ್ಲಿ ಎಂಟು ಕಾರ್ಡ್ ಖಾಲಿಯೇ ಮನೆಗೆ ಹೋಗುತ್ತಿದ್ದವು. ಪೀಸು ಕೆಟ್ಟಾಗ ಗ್ರಾಹಕರು ಅದನ್ನು ತೆಗೆದುಕೊಂಡು ಅಂಗಡಿಗೆ ಬರುವರು. ಡೀಲರ್ರು, ಪಾಪ, ಪರಿಚಯದವರು, ಬೇಡ ಅನ್ನಲಾಗದೆ ಅವತ್ತೇ ಸೀಲ್ ಹಾಕಿ, ಆರು ತಿಂಗಳ ಹಿಂದಿನ ಒಂದು ತಾರೀಖು ಬರೆದುಕೊಡುವರು. ಮೂರು ವರ್ಷದ ಪೀಸಿನ ಕಾರ್ಡಿನಲ್ಲಿ ಇಂಕು ಇನ್ನೂ ಒದ್ದೆ ಇರುತ್ತಿತ್ತು. ಅದರ ಖರ್ಚು ಡೀಲರ್ ಮೇಲೂ ಬೀಳುತ್ತಿರಲಿಲ್ಲ, ಗ್ರಾಹಕರ ಮೇಲೂ ಬೀಳುತ್ತಿರಲಿಲ್ಲ. ರಿಲೇ ನಮ್ಮದು, ಕೈಕೆಲಸ ನಮ್ಮದು, ಬಸ್ಸಿಗೆ ಹಾಕಿ ಕಳಿಸುವ ಲಗೇಜ್ ದುಡ್ಡು ಎರಡೂ ಕಡೆಯದು ನಮ್ಮದು. ಇನ್ನೊಂದು ಪೀಸು ಬಂದಿತ್ತು. ಹೊರಗಿನ ಡಬ್ಬದ ಮೇಲೆ ನಾಲ್ಕು ತಿಂಗಳ ಹಿಂದಿನ ನಂಬರ್. ಬಿಚ್ಚಿದರೆ ಒಳಗೆ ಧೂಳು ಬೆರಳಿನಷ್ಟು ದಪ್ಪ. ಯಾರೋ ಹೊಸ ಡಬ್ಬಕ್ಕೆ ಹಳೆ ಮಾಲು ತುಂಬಿದ್ದರು. ಯಾರು ಅಂತ ನಾವು ಕೇಳಲಿಲ್ಲ. ಅವತ್ತಿನಿಂದ ಅದೇ ನಂಬರಿನ ಎರಡನೇ ಸ್ಟಿಕ್ಕರನ್ನು ಒಳಗೆ ಟ್ರಾನ್ಸ್‌ಫಾರ್ಮರ್ ಮೇಲೂ ಹಚ್ಚುತ್ತಿದ್ದೇವೆ. ಎರಡೂ ಹೊಂದಿದರೆ ಮಾತ್ರ ಕ್ಲೇಮ್.

ಇದರ ನಡುವೆ ಇನ್ನೊಂದು ಮಾತು ಹಬ್ಬಿದೆ. "ಕಂಪ್ಯೂಟರ್ ಹಾಕ್ಸಿದ್ದಕ್ಕೆ ರೇಟ್ 150 ರೂಪಾಯಿ ಏರಿಸಿದ್ರು" ಅಂತೆ. ಇದು ನಮಗೆ ನಿಜವಾಗಿ ಬೇಜಾರು ತಂದ ಮಾತು. ERPNext ತಂತ್ರಾಂಶಕ್ಕೆ ಲೈಸೆನ್ಸ್ ದುಡ್ಡಿಲ್ಲ. ಸರ್ವರ್ ಬಾಡಿಗೆ, ಸ್ಟಿಕ್ಕರ್ ಪ್ರಿಂಟರ್, ಸ್ಕ್ಯಾನರ್, ನಂಬರ್ ತುಂಬುವುದಕ್ಕೆ ಒಬ್ಬ ಹೆಣ್ಣುಮಗಳ ಸಂಬಳ, ಇವು ಖರ್ಚು ಹೌದು. ಅದನ್ನು ನಾವೇ ನುಂಗಿಕೊಂಡಿದ್ದೇವೆ. ರೇಟ್ ಏರಿದ್ದು ತಾಮ್ರದ ತಂತಿಯಿಂದ. ಅಲ್ಯೂಮಿನಿಯಂ ಸುತ್ತಿ ರೇಟ್ ಇಳಿಸುವುದು ಗೊತ್ತಿಲ್ಲದೆ ಏನಿಲ್ಲ. ಬಹಳ ಜನ ಹಾಗೇ ಮಾಡುತ್ತಾರೆ. ನಾವು ಮಾಡುವುದಿಲ್ಲ.

ಇರಲಿ. ಹೊಸ ಪದ್ಧತಿ ಹೀಗಿದೆ. ನೀವು ಪೀಸು ಕೊಂಡ ದಿನ ಡೀಲರ್ರು ಎರಡು ಫೋಟೋ ನಮಗೆ ವಾಟ್ಸಾಪ್ ಮಾಡುತ್ತಾರೆ. ಒಂದು ಸ್ಟಿಕ್ಕರಿನದು, ಇನ್ನೊಂದು ಬಿಲ್ಲಿನದು. ನಮ್ಮವರು ಆ ನಂಬರಿನ ಪುಟ ತೆಗೆದು, ನಾವೇ ಹೊಸದಾಗಿ ಸೇರಿಸಿದ ಖಾನೆಯಲ್ಲಿ ನಿಮ್ಮ ಬಿಲ್ ತಾರೀಖು ತುಂಬುತ್ತಾರೆ. ವಾರಂಟಿ ಮುಗಿಯುವ ದಿನ ಅದರಿಂದ ಲೆಕ್ಕವಾಗುತ್ತದೆ. ಕೆಲವು ಡೀಲರುಗಳಿಗೆ ಅನುಮಾನ ಇತ್ತು, ಗ್ರಾಹಕರ ಪಟ್ಟಿ ನಮ್ಮ ಕೈಗೆ ಬಂದರೆ ನಾವೇ ನೇರ ಮಾರಲು ಹೋಗುತ್ತೇವೆ ಅಂತ. ಅದು ತಪ್ಪಲ್ಲ, ವ್ಯಾಪಾರದಲ್ಲಿ ಯಾರಿಗಾದರೂ ಬರುವ ಅನುಮಾನ. ಅದಕ್ಕೇ ನಿಮ್ಮ ಹೆಸರು, ಊರು, ಮೊಬೈಲಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಬೇರೇನೂ ಬರೆದುಕೊಳ್ಳುವುದಿಲ್ಲ. ಬಿಲ್ಲಿನ ಫೋಟೋದಲ್ಲಿ ಪೂರ್ತಿ ನಂಬರ್ ಇದ್ದರೆ ಅದರ ಮೇಲೆ ಬೆರಳಿಟ್ಟು ಫೋಟೋ ತೆಗೆಯಿರಿ ಅಂತಲೂ ಡೀಲರುಗಳಿಗೆ ಹೇಳಿದ್ದೇವೆ.

ಡೀಲರ್ರು ಕಳಿಸಲು ಮರೆತರೆ? ಮರೆಯುತ್ತಾರೆ, ಗೊತ್ತು. ಬೇಸಿಗೆಯಲ್ಲಿ ಅಂಗಡಿ ತುಂಬಿದಾಗ ಫೋಟೋ ತೆಗೆಯಲು ಯಾರಿಗೆ ಪುರಸೊತ್ತು? ಅದಕ್ಕೆ ನಿಮ್ಮ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು ಮನೆಗೆ ಹೋಗಿ. ಅಷ್ಟಿದ್ದರೆ ಸಾಕು, ನಮ್ಮ ಕಂಪ್ಯೂಟರ್ ಏನೇ ಹೇಳಲಿ, ಬಿಲ್ಲಿನದೇ ಮಾತು.

ಬಿಲ್ಲೂ ಕಳೆದುಹೋಗಿದ್ದರೆ, ನಾವು ಡೀಲರಿಗೆ ಕಳಿಸಿದ ದಿನದಿಂದ ಒಂದು ವರ್ಷ, ಅದರ ಮೇಲೆ ಅಂಗಡಿಯಲ್ಲಿ ಕೂತಿರಬಹುದು ಅಂತ 180 ದಿನ ಸೇರಿಸುತ್ತೇವೆ. ಟೀಚರಮ್ಮನ ಪೀಸಿಗೆ ಈ ಲೆಕ್ಕ ಹಾಕಿ ನೋಡಿದೆವು. ಬಿಲ್ ಇಲ್ಲದಿದ್ದರೂ 2024ರ ಡಿಸೆಂಬರ್ ಎರಡನೇ ವಾರದ ತನಕ ನಡೆಯುತ್ತಿತ್ತು. ಜುಲೈಯಲ್ಲಿ ಅವರು ಬಸ್ಸು ಹತ್ತಬೇಕಾಗಿರಲಿಲ್ಲ. ಬಿಲ್ ಇದ್ದದ್ದರಿಂದ ಅವರಿಗೆ 19 ಮಾರ್ಚ್ 2025ರ ತನಕ ಸಿಕ್ಕಿತು. ಮೂರು ತಿಂಗಳಿಗೂ ಜಾಸ್ತಿ ವ್ಯತ್ಯಾಸ. ಬಿಲ್ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ.

ನಂಬರ್ ಹುಡುಕುವುದು ಹೇಗೆ ಅಂದರೆ, ಪೀಸಿನ ಹಿಂಭಾಗ, ವೈರ್ ಒಳಗೆ ಹೋಗುವ ಜಾಗದ ಪಕ್ಕ ಬೆಳ್ಳಿ ಬಣ್ಣದ ಚಿಕ್ಕ ಸ್ಟಿಕ್ಕರ್ ಇದೆ. ಗೋಡೆಗೆ ಹಾಕಿದ್ದರೆ ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಮೊದಲ ನಾಲ್ಕು ಅಂಕಿ ವರ್ಷ ಮತ್ತು ತಿಂಗಳು, ಉಳಿದದ್ದು ಪೀಸಿನ ಸಂಖ್ಯೆ. 2306 ಅಂದರೆ 2023ರ ಜೂನ್. ದಯವಿಟ್ಟು ಫೋನಿನಲ್ಲಿ ಓದಿ ಹೇಳಬೇಡಿ, ಫೋಟೋ ಕಳಿಸಿ. ಮೊದಲು ಹಚ್ಚುತ್ತಿದ್ದ ಬಿಳಿ ಸ್ಟಿಕ್ಕರ್ ಬಿಲ್ ಮಿಷನ್ನಿನ ಕಾಗದದಂಥದ್ದು. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ, ಎರಡೇ ಬೇಸಿಗೆಗೆ ಅಕ್ಷರ ಮಾಸಿ 6 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ. ಒಂದು ಅಂಕಿ ತಪ್ಪಿದರೆ ಬೇರೆ ಯಾರದೋ ಪೀಸಿನ ಪುಟ ತೆರೆಯುತ್ತದೆ. ನಿಮ್ಮದು ಮಾಸಿದ್ದರೆ ಹೆದರಬೇಡಿ, ಒಳಗಿನ ಸ್ಟಿಕ್ಕರ್ ನೋಡುತ್ತೇವೆ. ಒಳಗೂ ಇಲ್ಲದ ಹಳೆ ಪೀಸಿಗೆ ಬಿಲ್ಲೇ ಆಧಾರ.

ಪೀಸನ್ನೇ ಬದಲಾಯಿಸಿ ಕೊಟ್ಟಾಗ ಏನಾಗುತ್ತದೆ ಅಂತ ಕೊಪ್ಪಳದ ಒಬ್ಬರು ಕೇಳಿದ್ದರು. ಹೊಸ ನಂಬರಿಗೆ ಕಂಪ್ಯೂಟರ್ ತಾನಾಗಿ ಮತ್ತೆ ಪೂರ್ತಿ ಒಂದು ವರ್ಷ ಕೊಡುತ್ತದೆ. ಅದನ್ನು ನಾವು ತಿದ್ದಿ, ಹಳೆ ಪೀಸಿನ ಉಳಿದ ದಿನಗಳನ್ನು ಹಾಕುತ್ತೇವೆ. 90 ದಿನಕ್ಕಿಂತ ಕಡಿಮೆ ಉಳಿದಿದ್ದರೆ 90 ಹಾಕುತ್ತೇವೆ. ಇದು ನಿಮಗೆ ಕಮ್ಮಿ ಅನ್ನಿಸಬಹುದು, ನಮಗೆ ಇಷ್ಟೇ ಆಗುವುದು.

ವಾರಂಟಿ ಇದ್ದರೂ ಒಂದು ಸಂದರ್ಭದಲ್ಲಿ ದುಡ್ಡು ಕೇಳುತ್ತೇವೆ. ಕಂಬದಲ್ಲಿ ನ್ಯೂಟ್ರಲ್ ತುಂಡಾಗಿ ಮನೆಗೆ 400 ವೋಲ್ಟ್ ಹತ್ತಿರ ಬಂದರೆ ಬೋರ್ಡಿನ ಮೇಲಿನ ಸರ್ಜ್ ತಡೆಯುವ ಬಿಲ್ಲೆ ಸಿಡಿದು ಹೋಗುತ್ತದೆ. ಕಪ್ಪಾಗಿ, ಎರಡು ಹೋಳಾಗಿ ಕಾಣುತ್ತದೆ. ಅವತ್ತು ಮನೆಯ ಬಲ್ಬ್, ಟಿವಿಯೂ ಹೋಗಿರುತ್ತವೆ. ಅದಕ್ಕೆ ಪಾರ್ಟಿನ ದುಡ್ಡು ಮಾತ್ರ, ಕೂಲಿ ಇಲ್ಲ. ಸಿಡಿದ ಬಿಲ್ಲೆಯನ್ನು ಕವರಿನಲ್ಲಿ ಹಾಕಿ ನಿಮ್ಮ ಕೈಗೇ ಕೊಡುತ್ತೇವೆ.

ಈ ಹಿಂದೆ ಯಾರಿಗಾದರೂ "ವಾರಂಟಿ ಮುಗಿದಿದೆ" ಅಂತ ಹೇಳಿ ರಿಪೇರಿಗೆ ದುಡ್ಡು ತೆಗೆದುಕೊಂಡಿದ್ದರೆ, ಡೀಲರ್ ಬಿಲ್ ಮತ್ತು ನಮ್ಮ ರಸೀದಿ ತನ್ನಿ. ಬಿಲ್ ತಾರೀಖಿನ ಪ್ರಕಾರ ವಾರಂಟಿ ಇದ್ದಿದ್ದರೆ ಆ ದುಡ್ಡು ವಾಪಸ್. ಬರಲಾಗದಿದ್ದರೆ ನಿಮ್ಮ ಡೀಲರ್ ಹತ್ತಿರ ಕೊಡಿ, ಅವರ ಲೆಕ್ಕದಲ್ಲಿ ಹಾಕುತ್ತೇವೆ, ಅವರು ನಿಮಗೆ ಕೊಡುತ್ತಾರೆ. ಕೌಂಟರ್ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಟೀಚರಮ್ಮನಂಥವರಿಗಾಗಿ ಈಗ 9ಕ್ಕೇ ಒಬ್ಬರು ಬಂದಿರುತ್ತಾರೆ.

ನಿಮ್ಮ ವಿಶ್ವಾಸಿ,
ಮಾಲೀಕರು ಮತ್ತು ಸರ್ವಿಸ್ ವಿಭಾಗದ ಎಲ್ಲರೂ

ಮರೆತಿದ್ದೆವು: 12 ಜೂನ್ 2023ಕ್ಕೆ 365 ದಿನ ಕೂಡಿಸಿದರೆ 11 ಜೂನ್ 2024 ಬರುತ್ತದೆ, 12 ಅಲ್ಲ. ನಡುವೆ ಫೆಬ್ರವರಿ 29 ಇತ್ತು. ಇದನ್ನು ತೋರಿಸಿಕೊಟ್ಟವರೂ ಆ ಟೀಚರಮ್ಮನೇ. ಈಗ ಎಲ್ಲ ಮಾಡೆಲ್ಲಿಗೂ 366 ಹಾಕಿದ್ದೇವೆ.